ಹರಿಹರದ ಲೇತ್, ಬೆಂಗಳೂರಿನ ಅಂಗಿ: ಉತ್ಪಾದನಾಂಗ ಸಮೃದ್ಧಿ ಸಿದ್ಧಾಂತವನ್ನು ಕಲಿಸುವ ಬಗೆ

ವಿಷಯ: ಅರ್ಥಶಾಸ್ತ್ರ
ತರಗತಿ: ದ್ವಿತೀಯ ಪಿಯುಸಿ (ಪೂರಕ ಪಾಠ)
ಅವಧಿ: ತಲಾ 45 ನಿಮಿಷಗಳ ಎರಡು ಅವಧಿಗಳು
ಪೂರ್ವಜ್ಞಾನ: ಉತ್ಪಾದನಾಂಗಗಳು, ಬೆಲೆ ಮತ್ತು ವೆಚ್ಚ, ಎರಡು ಅಜ್ಞಾತಗಳ ಸಮೀಕರಣ ಬಿಡಿಸುವುದು

ಪಾಠದ ಹಿನ್ನೆಲೆ

"ಶ್ರಮ ಸಮೃದ್ಧವಾಗಿರುವ ದೇಶ ಶ್ರಮಸಾಂದ್ರ ಸರಕುಗಳನ್ನು ರಫ್ತು ಮಾಡುತ್ತದೆ, ಬಂಡವಾಳ ಸಮೃದ್ಧವಾಗಿರುವ ದೇಶ ಬಂಡವಾಳಸಾಂದ್ರ ಸರಕುಗಳನ್ನು ರಫ್ತು ಮಾಡುತ್ತದೆ." ಈ ವಾಕ್ಯವನ್ನು ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ಎರಡು ಪ್ರಶ್ನೆ ಕೇಳಿದರೆ ತಡವರಿಸುತ್ತಾರೆ. ಮೊದಲನೆಯದು, ಯಾಕೆ ಹಾಗಾಗುತ್ತದೆ? ಎರಡನೆಯದು, ಹಾಗಾದಾಗ ದೇಶದ ಒಳಗೆ ಯಾರಿಗೆ ಲಾಭ, ಯಾರಿಗೆ ನಷ್ಟ? ಎರಡನೆಯ ಪ್ರಶ್ನೆಯನ್ನು ನಮ್ಮ ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಬಹಳಷ್ಟು ಸಲ ಕೈಬಿಡಲಾಗುತ್ತದೆ. "ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭ" ಎಂದು ಬರೆದು ಪಾಠ ಮುಗಿಸುತ್ತೇವೆ. ಹರಿಹರ ತಾಲ್ಲೂಕಿನ ತರಗತಿಯಲ್ಲಿ ಹಾಗೆ ಮುಗಿಸಿದರೆ, ಕಾರ್ಖಾನೆ ಮುಚ್ಚಿದ್ದನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಆ ವಾಕ್ಯದ ಮೇಲೆ ನಂಬಿಕೆ ಬರುವುದಿಲ್ಲ.

ಸಿದ್ಧಾಂತದ ಚರಿತ್ರೆಯನ್ನು ಎರಡು ನಿಮಿಷದಲ್ಲಿ ಹೇಳಿದರೆ ಸಾಕು. ಸ್ವೀಡನ್ನಿನ ಎಲಿ ಹೆಕ್ಷರ್ 1919ರ ಒಂದು ಲೇಖನದಲ್ಲಿ ಇದರ ಬೀಜ ಬಿತ್ತಿದರು. ಅವರ ಶಿಷ್ಯ ಬರ್ಟಿಲ್ ಓಹ್ಲಿನ್ 1933ರ ಪುಸ್ತಕದಲ್ಲಿ ಅದನ್ನು ಬೆಳೆಸಿದರು. 1977ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಜೇಮ್ಸ್ ಮೀಡ್ ಅವರೊಂದಿಗೆ ಹಂಚಿಕೊಂಡರು. ದೇಶದ ಒಳಗಿನ ಲಾಭ-ನಷ್ಟದ ಪ್ರಶ್ನೆಗೆ ಉತ್ತರ ಕೊಟ್ಟವರು ವೋಲ್ಫ್‌ಗಾಂಗ್ ಸ್ಟಾಲ್ಪರ್ ಮತ್ತು ಪಾಲ್ ಸ್ಯಾಮುಯೆಲ್‌ಸನ್. ಅವರ ಲೇಖನ ಬಂದದ್ದು 1941ರಲ್ಲಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ತಯಾರಿಕೆಗೆಂದು ಹುಟ್ಟಿದ್ದೂ ಅದೇ 1941ರಲ್ಲಿ. ಈ ಪಾಠದಲ್ಲಿ ಆ ಲೇಖನದ ತರ್ಕವನ್ನು ಈ ಊರಿನ ಅನುಭವದ ಪಕ್ಕದಲ್ಲಿಟ್ಟು ನೋಡುತ್ತೇವೆ.

ಮೊದಲ ಅವಧಿ

*ಹಂತ 1: ಸಮೃದ್ಧಿ ಎಂದರೆ ಎಣಿಕೆಯಲ್ಲ, ಅನುಪಾತ*

ಪೀಠಿಕೆಗೆ ಭತ್ತದ ಗದ್ದೆಯೇ ಸಾಕು. ಭಾನುವಳ್ಳಿ ಸುತ್ತಿನ ಮಕ್ಕಳಿಗೆ ನಾಟಿಯ ಕೂಲಿ ದಿನಕ್ಕೆ ಎಷ್ಟು, ಕಟಾವು ಯಂತ್ರದ ಬಾಡಿಗೆ ಗಂಟೆಗೆ ಎಷ್ಟು ಎಂಬುದು ಗೊತ್ತಿರುತ್ತದೆ. ಹೀಗೆ ಕೇಳಿ: "ಭತ್ತದ ಕೊಯ್ಲನ್ನು ಕುಡುಗೋಲಿನಿಂದ ಮಾಡಿಸಬೇಕೋ, ಯಂತ್ರದಿಂದ ಮಾಡಿಸಬೇಕೋ ಎಂದು ರೈತ ಹೇಗೆ ತೀರ್ಮಾನಿಸುತ್ತಾನೆ?" ಉತ್ತರ ಅವರಿಂದಲೇ ಬರುತ್ತದೆ. ಎಲ್ಲರ ಗದ್ದೆಯೂ ಒಟ್ಟಿಗೆ ಕೊಯ್ಲಿಗೆ ಬಂದು ಆಳು ಸಿಗದಿದ್ದಾಗ ಕೂಲಿ ಏರುತ್ತದೆ, ಆಗ ಯಂತ್ರವೇ ಅಗ್ಗ. ಯಾವುದು ಹೇರಳವೋ ಅದು ಅಗ್ಗ, ಯಾವುದು ವಿರಳವೋ ಅದು ತುಟ್ಟಿ. ಇಲ್ಲಿಂದಲೇ ಎರಡು ಚಿಹ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ: ಶ್ರಮದ ಒಂದು ದಿನದ ಬೆಲೆ "ಕೂ" (ಕೂಲಿ), ಯಂತ್ರದ ಒಂದು ದಿನದ ಬೆಲೆ "ಬಾ" (ಬಾಡಿಗೆ). ಪಾಠ ಮುಗಿಯುವವರೆಗೆ ಈ ಎರಡೇ ಚಿಹ್ನೆಗಳು ಸಾಕು.

ಈಗ ಒಂದು ಸಣ್ಣ ಪರೀಕ್ಷೆ. ಒಂದು ಹೊಲಿಗೆ ಕೇಂದ್ರದಲ್ಲಿ 40 ಜನ, 8 ಯಂತ್ರ. ಎರಡನೆಯದರಲ್ಲಿ 20 ಜನ, 10 ಯಂತ್ರ. ಮೂರನೆಯದರಲ್ಲಿ 60 ಜನ, 30 ಯಂತ್ರ. ಇವುಗಳಲ್ಲಿ ಶ್ರಮ ಸಮೃದ್ಧ ಕೇಂದ್ರ ಯಾವುದು? ಹಲವರು ಮೂರನೆಯದು ಎನ್ನುತ್ತಾರೆ, ಅಲ್ಲಿ ಜನ ಹೆಚ್ಚಿರುವುದರಿಂದ. ಆದರೆ ಮೊದಲನೆಯದರಲ್ಲಿ ಒಂದು ಯಂತ್ರಕ್ಕೆ 5 ಜನ, ಮೂರನೆಯದರಲ್ಲಿ 2 ಜನ. ಶ್ರಮ ಸಮೃದ್ಧವಾಗಿರುವುದು ಮೊದಲನೆಯದು. ಎರಡನೆಯದೂ ಮೂರನೆಯದೂ ಗಾತ್ರದಲ್ಲಿ ಬೇರೆಯಾದರೂ ಈ ಸಿದ್ಧಾಂತದ ಕಣ್ಣಿಗೆ ಒಂದೇ. ಇಲ್ಲಿ ಅವಸರ ಬೇಡ. "ಭಾರತದಲ್ಲಿ ಜನಸಂಖ್ಯೆ ಹೆಚ್ಚು, ಆದ್ದರಿಂದ ಶ್ರಮ ಸಮೃದ್ಧ" ಎಂಬ ಉತ್ತರವನ್ನು ಒಪ್ಪಬೇಡಿ. ಭಾರತದಲ್ಲಿ ಬಂಡವಾಳವೂ ಬಹಳ ಇದೆ. ಪ್ರತಿ ಕಾರ್ಮಿಕನ ಪಾಲಿಗೆ ಬರುವ ಬಂಡವಾಳ ಜಪಾನ್ ಅಥವಾ ಜರ್ಮನಿಗಿಂತ ಕಡಿಮೆ ಎಂಬುದೇ ಮುಖ್ಯ.

*ಹಂತ 2: ಎರಡು ಸರಕು, ಎರಡು ದೇಶ*

ಕೆಳಗಿನ ಸಂಖ್ಯೆಗಳು ಲೆಕ್ಕ ಕಲಿಸಲು ಊಹಿಸಿಕೊಂಡವು. ಯಾವ ಕಾರ್ಖಾನೆಯ ಅಂಕಿಅಂಶಗಳೂ ಅಲ್ಲ. ಇದನ್ನು ವಿದ್ಯಾರ್ಥಿಗಳಿಗೂ ಹೇಳಿಬಿಡಿ.

ಅಂಗಿಗಳ ಒಂದು ಕಟ್ಟು ತಯಾರಾಗಲು 4 ದಿನದ ಶ್ರಮ ಮತ್ತು 1 ದಿನದ ಯಂತ್ರ ಬೇಕು. ಲೇತ್‌ನ ಒಂದು ಭಾಗ ತಯಾರಾಗಲು 2 ದಿನದ ಶ್ರಮ ಮತ್ತು 3 ದಿನದ ಯಂತ್ರ ಬೇಕು. ಒಂದು ದಿನದ ಯಂತ್ರಕ್ಕೆ ಅಂಗಿಯಲ್ಲಿ 4 ದಿನದ ಶ್ರಮ ಸೇರುತ್ತದೆ, ಲೇತ್‌ನಲ್ಲಿ ಒಂದು ದಿನವೂ ಪೂರ್ತಿ ಸೇರುವುದಿಲ್ಲ. ಆದ್ದರಿಂದ ಅಂಗಿ ಶ್ರಮಸಾಂದ್ರ, ಲೇತ್ ಬಂಡವಾಳಸಾಂದ್ರ. ತಯಾರಿಸುವ ವಿಧಾನ ಎರಡೂ ದೇಶಗಳಲ್ಲಿ ಒಂದೇ ಎಂದು ಇಟ್ಟುಕೊಳ್ಳೋಣ. ರಿಕಾರ್ಡೋನ ಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ವ್ಯಾಪಾರಕ್ಕೆ ಕಾರಣ ತಂತ್ರಜ್ಞಾನದ ಭೇದ. ಇಲ್ಲಿ ತಂತ್ರಜ್ಞಾನ ಸಮವಾಗಿದ್ದರೂ ಉತ್ಪಾದನಾಂಗಗಳ ಅನುಪಾತ ಬೇರೆಯಾಗಿರುವುದೇ ಕಾರಣ.

ಕಪ್ಪುಹಲಗೆಯ ಮೇಲೆ:

ಅಂಗಿಯ ಕಟ್ಟಿನ ಬೆಲೆ = 4 ಕೂ + 1 ಬಾ
ಲೇತ್ ಭಾಗದ ಬೆಲೆ = 2 ಕೂ + 3 ಬಾ

ದೇಶ "ಅ" ಶ್ರಮ ಸಮೃದ್ಧ. ಅಲ್ಲಿ ಕೂಲಿ ರೂ. 300, ಬಾಡಿಗೆ ರೂ. 600. ಅಂಗಿಯ ಕಟ್ಟು 1,800 ರೂಪಾಯಿ, ಲೇತ್ ಭಾಗ 2,400 ರೂಪಾಯಿ ಆಗುತ್ತದೆ. ದೇಶ "ಬ" ಬಂಡವಾಳ ಸಮೃದ್ಧ. ಅಲ್ಲಿ ಕೂಲಿ 600, ಬಾಡಿಗೆ 300 ಎನ್ನೋಣ. ಅಂಗಿಯ ಕಟ್ಟು 2,700, ಲೇತ್ ಭಾಗ 2,100 ಆಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ರೂಪಾಯಿಗಳನ್ನು ನೇರವಾಗಿ ಹೋಲಿಸಲು ಹೊರಡುತ್ತಾರೆ. ಎರಡು ದೇಶಗಳ ಹಣ ಬೇರೆ, ಆದ್ದರಿಂದ ನೋಡಬೇಕಾದದ್ದು ಸಾಪೇಕ್ಷ ಬೆಲೆ. "ಅ" ದೇಶದಲ್ಲಿ ಅಂಗಿಯ ಒಂದು ಕಟ್ಟಿಗೆ ಲೇತ್ ಭಾಗದ ಮುಕ್ಕಾಲು ಪಾಲು ಸಿಗುತ್ತದೆ (1,800/2,400 = 0.75). "ಬ" ದೇಶದಲ್ಲಿ ಅದೇ ಕಟ್ಟಿಗೆ ಒಂದೂ ಕಾಲಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ (2,700/2,100 = 1.29). ಅಂಗಿ "ಅ"ದಲ್ಲಿ ಅಗ್ಗ, "ಬ"ದಲ್ಲಿ ತುಟ್ಟಿ. ಗಡಿ ತೆರೆದರೆ ಅಂಗಿ "ಅ"ದಿಂದ "ಬ"ಕ್ಕೆ, ಲೇತ್ "ಬ"ದಿಂದ "ಅ"ಕ್ಕೆ ಹೋಗುತ್ತದೆ. ಲೋಕದ ಬೆಲೆ 0.75ಕ್ಕೂ 1.29ಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಶ್ರಮ ಹೇರಳ, ಹಾಗಾಗಿ ಕೂಲಿ ಕಡಿಮೆ. ಕೂಲಿ ಕಡಿಮೆ, ಹಾಗಾಗಿ ಶ್ರಮವನ್ನು ಹೆಚ್ಚು ಬಳಸುವ ಸರಕು ಅಗ್ಗ. ಅಗ್ಗವಾದದ್ದು ಹೊರಗೆ ಹೋಗುತ್ತದೆ. ಒಂದು ದೇಶ ಅಂಗಿ ಕಳಿಸುವಾಗ ಅದರೊಳಗೆ ಹೊಲಿದುಕೊಂಡಿರುವ ಶ್ರಮವನ್ನೇ ಕಳಿಸುತ್ತಿದೆ. ಲೇತ್ ತರಿಸಿಕೊಳ್ಳುವಾಗ ತನ್ನಲ್ಲಿ ವಿರಳವಾದ ಬಂಡವಾಳವನ್ನೇ ತರಿಸಿಕೊಳ್ಳುತ್ತಿದೆ. ಮೊದಲ ಅವಧಿಯನ್ನು ಈ ಮಾತಿಗೆ ನಿಲ್ಲಿಸಿ.

ಎರಡನೆಯ ಅವಧಿ

*ಹಂತ 3: ದೇಶದ ಒಳಗೆ ಯಾರಿಗೆ ಎಷ್ಟು?*

"ಅ" ದೇಶ ಗಡಿ ತೆರೆದಿದೆ. ಅಲ್ಲಿ ಲೇತ್ ಭಾಗದ ಬೆಲೆ 2,400 ರೂಪಾಯಿಯೇ ಇದ್ದು, ಅಂಗಿಯ ಬೆಲೆ ಮಾತ್ರ ಶೇ. 10ರಷ್ಟು ಏರಿ 1,980 ಆಯಿತು ಎನ್ನೋಣ. ಸಾಪೇಕ್ಷ ಬೆಲೆ 0.825, ಮೊದಲು ಹೇಳಿದ ಎರಡು ಗಡಿಗಳ ನಡುವೆಯೇ ಇದೆ. ಕೂಲಿ ಎಷ್ಟಾಗುತ್ತದೆ ಎಂದು ತರಗತಿಯನ್ನು ಕೇಳಿ. "ಅದೂ ಶೇ. 10 ಏರುತ್ತದೆ" ಎಂಬ ಉತ್ತರ ಬರುತ್ತದೆ. ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಆಮೇಲೆ ಸಮೀಕರಣ ಬಿಡಿಸಲು ಹೇಳಿ.

4 ಕೂ + 1 ಬಾ = 1,980
2 ಕೂ + 3 ಬಾ = 2,400

ಮೊದಲನೆಯದನ್ನು 3ರಿಂದ ಗುಣಿಸಿದರೆ 12 ಕೂ + 3 ಬಾ = 5,940. ಇದರಿಂದ ಎರಡನೆಯದನ್ನು ಕಳೆದರೆ 10 ಕೂ = 3,540. ಕೂಲಿ 354 ರೂಪಾಯಿ. ಬಾಡಿಗೆ 1,980 − 1,416 = 564 ರೂಪಾಯಿ.

ಅಂಗಿಯ ಬೆಲೆ ಏರಿದ್ದು ಶೇ. 10, ಕೂಲಿ ಏರಿದ್ದು ಶೇ. 18. ಬಾಡಿಗೆ ಏರುವ ಬದಲು ಶೇ. 6 ಇಳಿದಿದೆ. ಸ್ಟಾಲ್ಪರ್ ಮತ್ತು ಸ್ಯಾಮುಯೆಲ್‌ಸನ್ ಅವರ ಪ್ರಮೇಯದ ತಿರುಳು ಇದು. ಕಾರ್ಮಿಕ ಅಂಗಿಯನ್ನೇ ಕೊಳ್ಳಲಿ, ಲೇತ್ ಭಾಗವನ್ನೇ ಕೊಳ್ಳಲಿ, ಅವನ ಕೂಲಿಗೆ ಮೊದಲಿಗಿಂತ ಹೆಚ್ಚು ಬರುತ್ತದೆ. ಯಂತ್ರದ ಒಡೆಯನಿಗೆ ಎರಡರಲ್ಲಿ ಯಾವುದನ್ನು ಕೊಂಡರೂ ಮೊದಲಿಗಿಂತ ಕಡಿಮೆ ಬರುತ್ತದೆ.

ಬಾಡಿಗೆ ಯಾಕೆ ಇಳಿಯಿತು ಎಂಬುದನ್ನು ಲೆಕ್ಕ ತೋರಿಸುತ್ತದೆ, ವಿವರಿಸುವುದಿಲ್ಲ. ವಿವರಣೆ ಹೀಗೆ. ಅಂಗಿಗೆ ಬೆಲೆ ಬಂದಾಗ ಅಂಗಿ ಹೊಲಿಸುವವರು ಆಳು ಮತ್ತು ಯಂತ್ರ ಹುಡುಕುತ್ತಾರೆ. ಲೇತ್ ಕಾರ್ಖಾನೆ ಒಂದು ಭಾಗದ ತಯಾರಿ ನಿಲ್ಲಿಸಿದರೆ 2 ದಿನದ ಶ್ರಮ, 3 ದಿನದ ಯಂತ್ರ ಬಿಡುವಾಗುತ್ತದೆ. ಆ 2 ದಿನದ ಶ್ರಮದಿಂದ ಅಂಗಿಯ ಅರ್ಧ ಕಟ್ಟು ಮಾತ್ರ ಆಗುತ್ತದೆ. ಅದಕ್ಕೆ ಬೇಕಾದ ಯಂತ್ರ ಅರ್ಧ ದಿನದ್ದು. ಉಳಿದ ಎರಡೂವರೆ ದಿನದ ಯಂತ್ರಕ್ಕೆ ಕೆಲಸವಿಲ್ಲ. ಹೀಗೆ ಆಳಿಗೆ ಪೈಪೋಟಿ, ಯಂತ್ರಕ್ಕೆ ಬಿಡುವು. ಕೂಲಿ ಏರುತ್ತದೆ, ಬಾಡಿಗೆ ಇಳಿಯುತ್ತದೆ. ನಿಜವಾದ ಕಾರ್ಖಾನೆಯಲ್ಲಿ ಕೂಲಿ ಏರಿದಾಗ ಮಾಲೀಕರು ಆಳಿನ ಬದಲು ಸ್ವಲ್ಪ ಯಂತ್ರ ಹೆಚ್ಚಿಸಿಕೊಳ್ಳುತ್ತಾರೆ. ಅದರಿಂದ ಅಂಕಿಗಳು ಬದಲಾಗುತ್ತವೆ, ದಿಕ್ಕು ಬದಲಾಗುವುದಿಲ್ಲ.

ಮುಂದೆ "ಬ" ದೇಶದ ಲೆಕ್ಕವನ್ನು ಗುಂಪುಗಳಿಗೆ ಕೊಡಿ. ಅಲ್ಲಿಯೂ ಬೆಲೆ 1,980 ಮತ್ತು 2,400 ಆದಾಗ, ವಿಧಾನ ಒಂದೇ ಆದ್ದರಿಂದ ಕೂಲಿ 354, ಬಾಡಿಗೆ 564 ಎಂದೇ ಬರುತ್ತದೆ. ಫಲಿತಾಂಶವನ್ನು ರೂಪಾಯಿಯಲ್ಲಿ ಬರೆಸದೆ, ಒಂದು ಸರಕು ಕೊಳ್ಳಲು ಎಷ್ಟು ದಿನದ ಗಳಿಕೆ ಬೇಕು ಎಂದು ಬರೆಸಿ. ಆಗ ಹಣದ ಗೊಂದಲ ತಪ್ಪುತ್ತದೆ.

| ಯಾರು | ಅಂಗಿಯ ಕಟ್ಟಿಗೆ: ಮೊದಲು | ನಂತರ | ಲೇತ್ ಭಾಗಕ್ಕೆ: ಮೊದಲು | ನಂತರ |
|---|---|---|---|---|
| "ಅ" ದೇಶದ ಕಾರ್ಮಿಕ | 6 ದಿನ | 5.6 | 8 ದಿನ | 6.8 |
| "ಅ" ದೇಶದ ಯಂತ್ರದ ಒಡೆಯ | 3 ದಿನ | 3.5 | 4 ದಿನ | 4.3 |
| "ಬ" ದೇಶದ ಕಾರ್ಮಿಕ | 4.5 ದಿನ | 5.6 | 3.5 ದಿನ | 6.8 |
| "ಬ" ದೇಶದ ಯಂತ್ರದ ಒಡೆಯ | 9 ದಿನ | 3.5 | 7 ದಿನ | 4.3 |

ದಿನ ಕಡಿಮೆಯಾದವರಿಗೆ ಲಾಭ, ಹೆಚ್ಚಾದವರಿಗೆ ನಷ್ಟ. ಶ್ರಮ ಸಮೃದ್ಧ ದೇಶದಲ್ಲಿ ಕಾರ್ಮಿಕನಿಗೆ ಲಾಭ, ಯಂತ್ರದ ಒಡೆಯನಿಗೆ ನಷ್ಟ. ಬಂಡವಾಳ ಸಮೃದ್ಧ ದೇಶದಲ್ಲಿ ತಿರುಗುಮುರುಗು. ಸೂತ್ರರೂಪದಲ್ಲಿ ಹೇಳುವುದಾದರೆ, ಪ್ರತಿ ದೇಶದಲ್ಲೂ ಹೇರಳವಾಗಿದ್ದ ಅಂಗಕ್ಕೆ ಲಾಭ, ವಿರಳವಾಗಿದ್ದ ಅಂಗಕ್ಕೆ ನಷ್ಟ. "ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭ" ಎಂಬುದು ಸುಳ್ಳಲ್ಲ. ಒಟ್ಟು ಲಾಭ ಒಟ್ಟು ನಷ್ಟಕ್ಕಿಂತ ದೊಡ್ಡದು ಎಂಬುದಷ್ಟೇ ಅದರ ಅರ್ಥ. ಎಲ್ಲ ಜನರಿಗೂ ಲಾಭ ಎಂಬ ಅರ್ಥ ಅದಕ್ಕಿಲ್ಲ.

*ಹಂತ 4: ಹರಿಹರಕ್ಕೆ ಬಂದಾಗ*

ಈ ಲೆಕ್ಕವನ್ನು ಭಾರತಕ್ಕೆ ಹಚ್ಚಿದರೆ ಕೂಲಿಕಾರರೆಲ್ಲರಿಗೂ ಲಾಭವಾಗಬೇಕಿತ್ತು. ಹರಿಹರದ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆ ನೇರವಾದದ್ದು: "ಸಾರ್, ಕಿರ್ಲೋಸ್ಕರ್‌ನಲ್ಲಿ ಕೆಲಸ ಕಳೆದುಕೊಂಡವರೂ ಕಾರ್ಮಿಕರೇ ಅಲ್ಲವಾ?" ಈ ಪ್ರಶ್ನೆ ಬಂದರೆ ಪಾಠ ಯಶಸ್ವಿಯಾಗಿದೆ ಎಂದೇ ತಿಳಿಯಿರಿ. ಬರದಿದ್ದರೆ ನೀವೇ ಕೇಳಿ.

ಮೊದಲು ಘಟನೆಗಳ ಕ್ರಮ. 1991ರವರೆಗೆ ಭಾರತಕ್ಕೆ ಯಂತ್ರೋಪಕರಣ ತರಿಸಬೇಕಾದರೆ ಪರವಾನಗಿ ಬೇಕಿತ್ತು, ಮೇಲೆ ಭಾರಿ ಸುಂಕ. ಆ ಗೋಡೆಯ ಒಳಗೆ ಹರಿಹರದ ಲೇತ್‌ಗಳಿಗೆ ದೇಶದ ತುಂಬ ಮಾರುಕಟ್ಟೆ ಇತ್ತು. 1991ರ ಸುಧಾರಣೆಯಲ್ಲಿ ಪರವಾನಗಿ ಪದ್ಧತಿ ಸಡಿಲವಾಯಿತು. ಗರಿಷ್ಠ ಆಮದು ಸುಂಕವನ್ನು ಆ ವರ್ಷ ಶೇ. 150ಕ್ಕೆ ಮಿತಿಗೊಳಿಸಲಾಯಿತು, 1997-98ರ ಹೊತ್ತಿಗೆ ಅದು ಶೇ. 40ಕ್ಕೆ ಬಂದಿತ್ತು. ಜಪಾನ್, ತೈವಾನ್, ಕೊರಿಯಾ ಮುಂತಾದ ದೇಶಗಳ ಗಣಕನಿಯಂತ್ರಿತ ಯಂತ್ರಗಳು ಕೈಗೆಟುಕುವಂತಾದವು. ಮೈಸೂರು ಕಿರ್ಲೋಸ್ಕರ್ 2000ದ ದಶಕದ ಆರಂಭದ ಹೊತ್ತಿಗೆ ಮುಚ್ಚಿಹೋಯಿತು. ಒಂದು ಕಾರ್ಖಾನೆ ಮುಚ್ಚಲು ಆಡಳಿತ, ಸಾಲ, ಬೇಡಿಕೆಯ ಕುಸಿತ ಎಂದು ಹಲವು ಕಾರಣಗಳು ಸೇರಿಕೊಳ್ಳುತ್ತವೆ. ಸುಂಕವೊಂದನ್ನೇ ಹೊಣೆ ಮಾಡಬೇಡಿ. ಆದರೆ ಸಂರಕ್ಷಣೆ ಕಳೆದುಕೊಂಡ ಬಂಡವಾಳಸಾಂದ್ರ ಉದ್ದಿಮೆಗೆ ಸಿದ್ಧಾಂತ ಹೇಳುವ ದಿಕ್ಕಿಗೂ ನಡೆದದ್ದಕ್ಕೂ ಹೊಂದಿಕೆ ಇದೆ.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳು ಬೆಳೆದವು. ಅಲ್ಲಿ ಹೊಲಿಯುವವರಲ್ಲಿ ಬಹುಪಾಲು ಮಹಿಳೆಯರು, ಅವರಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಶ್ರೀಮಂತ ದೇಶಗಳು 1974ರಿಂದ ಬಹುತಂತು ಒಪ್ಪಂದದ ಹೆಸರಿನಲ್ಲಿ ಬಡ ದೇಶಗಳ ಬಟ್ಟೆಗೆ ಕೋಟಾ ಹಾಕಿದ್ದವು. ಹತ್ತು ವರ್ಷಗಳಲ್ಲಿ ಹಂತಹಂತವಾಗಿ ತೆಗೆದ ಈ ಕೋಟಾ 2005ರ ಜನವರಿ 1ರಿಂದ ಪೂರ್ತಿ ಇಲ್ಲವಾಯಿತು. ಆ ದೇಶಗಳು ಕೋಟಾ ಹಾಕಿದ್ದೇಕೆ ಎಂದು ಕೇಳಿ. ಕೋಷ್ಟಕದ ಮೂರನೆಯ ಸಾಲನ್ನು ನೋಡಿ ವಿದ್ಯಾರ್ಥಿಗಳೇ ಉತ್ತರಿಸಬಲ್ಲರು: "ಬ" ದೇಶದ ಕಾರ್ಮಿಕನಿಗೆ ನಷ್ಟ.

ಈಗ ಆ ಪ್ರಶ್ನೆಗೆ ಬರೋಣ. ನಮ್ಮ ಲೆಕ್ಕದಲ್ಲಿ ಒಂದು ಊಹೆ ಅಡಗಿತ್ತು: ಲೇತ್ ಬಿಟ್ಟ ಕಾರ್ಮಿಕ ಮರುದಿನ ಅಂಗಿ ಹೊಲಿಯುತ್ತಾನೆ, ಲೇತ್ ಕಾರ್ಖಾನೆಯ ಯಂತ್ರ ಹೊಲಿಗೆ ಯಂತ್ರವಾಗುತ್ತದೆ. ಹರಿಹರದಲ್ಲಿ ಹಾಗಾಗುವುದಿಲ್ಲ. ಇಪ್ಪತ್ತು ವರ್ಷ ಲೇತ್ ಜೋಡಿಸಿದ ಫಿಟ್ಟರ್‌ನ ಕೈಚಳಕಕ್ಕೆ ಬೆಲೆ ಇರುವುದು ಲೇತ್‌ನಲ್ಲಿ. ಅವನು ಮನೆ, ಮಕ್ಕಳ ಶಾಲೆ ಬಿಟ್ಟು ಬೆಂಗಳೂರಿಗೆ ಹೋದರೂ ಹೊಲಿಗೆಯ ಸಾಲಿನಲ್ಲಿ ಹೊಸಬನ ಕೂಲಿಗೆ ಕೂರಬೇಕು. ಎರಕದ ಅಚ್ಚುಗಳು, ದೊಡ್ಡ ಗ್ರೈಂಡಿಂಗ್ ಯಂತ್ರಗಳು ಅಂಗಿಗೆ ಬಳಕೆಯಾಗುವುದಿಲ್ಲ. ಕೊನೆಗೆ ಗುಜರಿಯ ಬೆಲೆಗೆ ಹೋಗುತ್ತವೆ. ಹೀಗೆ ಒಂದೇ ಉದ್ದಿಮೆಗೆ ಅಂಟಿಕೊಂಡ ಉತ್ಪಾದನಾಂಗಗಳನ್ನು ನಿರ್ದಿಷ್ಟ ಉತ್ಪಾದನಾಂಗಗಳು ಎನ್ನುತ್ತಾರೆ. ಅವು ಅಂಟಿಕೊಂಡಿರುವಷ್ಟು ಕಾಲ ಲಾಭ-ನಷ್ಟ ಹಂಚಿಕೆಯಾಗುವುದು ಕಾರ್ಮಿಕ-ಮಾಲೀಕ ಎಂಬ ಗೆರೆಯ ಮೇಲಲ್ಲ, ಉದ್ದಿಮೆಯ ಗೆರೆಯ ಮೇಲೆ. ಲೇತ್‌ನ ಕಾರ್ಮಿಕನೂ ಮಾಲೀಕನೂ ಒಟ್ಟಿಗೆ ಸೋಲುತ್ತಾರೆ. ಅಂಗಿಯ ಕಾರ್ಮಿಕಳೂ ಮಾಲೀಕನೂ ಒಟ್ಟಿಗೆ ಗೆಲ್ಲುತ್ತಾರೆ.

ಯಾವ ಗೆರೆ ನಿಜವಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯುವ ಉಪಾಯ ಒಂದಿದೆ. ಸುಂಕ ಇಳಿಸುವ ಮಾತು ಬಂದಾಗ ಯಾರು ಯಾರ ಪಕ್ಕ ನಿಲ್ಲುತ್ತಾರೆ ನೋಡಿ. ಒಂದು ಉದ್ದಿಮೆಯ ಕಾರ್ಮಿಕ ಸಂಘ ಮತ್ತು ಮಾಲೀಕರ ಸಂಘ ಸೇರಿ ಒಂದೇ ಮನವಿ ಕೊಟ್ಟರೆ ಅಲ್ಲಿ ಕೆಲಸ ಮಾಡುತ್ತಿರುವುದು ಉದ್ದಿಮೆಯ ಗೆರೆ. ಅಮೆರಿಕದಲ್ಲಿ 1973ರ ವಾಣಿಜ್ಯ ಮಸೂದೆಯ ಬಗ್ಗೆ ಬಂದ ಹೇಳಿಕೆಗಳನ್ನು ಸ್ಟೀಫನ್ ಮ್ಯಾಗೀ ಹೀಗೆ ಪರಿಶೀಲಿಸಿದಾಗ ಬಹುಪಾಲು ಉದ್ದಿಮೆಗಳಲ್ಲಿ ಎರಡೂ ಪಕ್ಷದವರು ಒಂದೇ ಕಡೆ ಇದ್ದರು. ದೀರ್ಘಕಾಲದಲ್ಲಿ ಫಿಟ್ಟರ್‌ನ ಮಗಳು ಬೇರೆ ಕಸುಬು ಕಲಿತು, ಹೊಸ ಬಂಡವಾಳ ಬೇರೆಡೆ ಹೂಡಿಕೆಯಾದಾಗ ಸ್ಟಾಲ್ಪರ್-ಸ್ಯಾಮುಯೆಲ್‌ಸನ್ ಗೆರೆ ಕಾಣಿಸತೊಡಗುತ್ತದೆ. ಆದರೆ ಆ ದೀರ್ಘಕಾಲದೊಳಗೆ ಒಬ್ಬ ಮನುಷ್ಯನ ದುಡಿಯುವ ವಯಸ್ಸೇ ಮುಗಿದಿರಬಹುದು.

ಪರಿಹಾರದ ಮಾತನ್ನೂ ಅಂಕಿಯಲ್ಲಿ ತೋರಿಸಿ. ಗೆದ್ದವರ ಲಾಭದಿಂದ ಸೋತವರ ನಷ್ಟ ತುಂಬಿಕೊಡಬಹುದು ಎಂದು ಸಿದ್ಧಾಂತ ಹೇಳುತ್ತದೆ, ತುಂಬಿಕೊಡಲಾಗುತ್ತದೆ ಎನ್ನುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸದಿಂದ ತೆಗೆದವರಿಗೆ ಗೊತ್ತುಪಡಿಸಿದ್ದ ಪರಿಹಾರ, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನವಾಗಿತ್ತು. ಇಪ್ಪತ್ತು ವರ್ಷ ದುಡಿದವನಿಗೆ 300 ದಿನದ ವೇತನ. ಹೊಸ ಕಸುಬಿನಲ್ಲಿ ಅವನಿಗೆ ಹಳೆಯ ವೇತನದ ಅರ್ಧ ಮಾತ್ರ ಸಿಕ್ಕರೆ, ಈ ಮೊತ್ತ 600 ದಿನದ ಕೊರತೆಯನ್ನು ತುಂಬುತ್ತದೆ. ಅವನ ವಯಸ್ಸು 45 ಆಗಿದ್ದರೆ ಮುಂದಿನ ವರ್ಷಗಳಿಗೆ ಏನು ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

*ಹಂತ 5: ಸಿದ್ಧಾಂತ ಎಲ್ಲಿ ಸೋಲುತ್ತದೆ?*

ಮೂರು ಮಿತಿಗಳನ್ನು ಹೇಳಿದರೆ ಸಾಕು. ಮೊದಲನೆಯದು, ನಮ್ಮ ಲೆಕ್ಕದಲ್ಲಿ ಕೂಲಿ ಏರಿದ್ದು ಆಳಿಗೆ ಪೈಪೋಟಿ ಬಂದದ್ದರಿಂದ. ಹಳ್ಳಿಗಳಲ್ಲಿ ವರ್ಷದ ಹಲವು ತಿಂಗಳು ಕೆಲಸವಿಲ್ಲದ ಜನ ಇರುವಾಗ, ಅಂಗಿ ಕಾರ್ಖಾನೆಗೆ ಅದೇ ಕೂಲಿಗೆ ಇನ್ನಷ್ಟು ಜನ ಸಿಗುತ್ತಾರೆ. ಆಗ ಲಾಭ ಕೂಲಿಯ ಏರಿಕೆಯಾಗಿ ಕಾಣದೆ, ಕೆಲಸ ಸಿಕ್ಕವರ ಸಂಖ್ಯೆಯಾಗಿ ಕಾಣುತ್ತದೆ. ಉಡುಪು ಕಾರ್ಖಾನೆಗಳಲ್ಲಿ ವೇತನದ ಚರ್ಚೆಯೆಲ್ಲ ಸರ್ಕಾರ ಗೊತ್ತುಪಡಿಸುವ ಕನಿಷ್ಠ ವೇತನದ ಸುತ್ತಲೇ ನಡೆಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಜನ ಊರು ಮತ್ತು ಉದ್ದಿಮೆಯನ್ನು ಸುಲಭವಾಗಿ ಬದಲಿಸುವುದಿಲ್ಲ. ಪೇತಿಯಾ ತೊಪಲೋವಾ ಅವರು ಭಾರತದ ಜಿಲ್ಲೆಗಳ 1987ರಿಂದ 1999ರವರೆಗಿನ ಮಾಹಿತಿಯನ್ನು ಅಧ್ಯಯನ ಮಾಡಿದಾಗ, ಸುಂಕ ಕಡಿತದ ಹೊಡೆತಕ್ಕೆ ಹೆಚ್ಚು ಸಿಕ್ಕ ಜಿಲ್ಲೆಗಳ ಹಳ್ಳಿಗಳಲ್ಲಿ ಬಡತನ ಉಳಿದ ಕಡೆಗಿಂತ ನಿಧಾನವಾಗಿ ಇಳಿದದ್ದು ಕಂಡುಬಂತು. ದೇಶದ ಒಟ್ಟು ಬಡತನ ಹೆಚ್ಚಿತು ಎಂದು ಇದರ ಅರ್ಥವಲ್ಲ. ಪೆಟ್ಟು ಬಿದ್ದ ಜಾಗದಲ್ಲೇ ಪೆಟ್ಟು ಉಳಿಯಿತು ಎಂದು ಅರ್ಥ.

ಮೂರನೆಯದು, "ಶ್ರಮ" ಎಂಬ ಒಂದೇ ಪದದಲ್ಲಿ ಬಹಳ ಅಡಗಿದೆ. ವಾಸಿಲಿ ಲಿಯೊಂಟಿಫ್ 1953ರಲ್ಲಿ ಅಮೆರಿಕದ 1947ರ ಅಂಕಿಅಂಶಗಳಿಂದ ಲೆಕ್ಕ ಹಾಕಿದರು. ಆಮದಿಗೆ ಪೈಪೋಟಿ ಕೊಡುವ ಉದ್ದಿಮೆಗಳಲ್ಲಿ ಒಬ್ಬ ಕಾರ್ಮಿಕನಿಗೆ ಸುಮಾರು 18 ಸಾವಿರ ಡಾಲರ್ ಬಂಡವಾಳವಿದ್ದರೆ ರಫ್ತು ಉದ್ದಿಮೆಗಳಲ್ಲಿ ಸುಮಾರು 14 ಸಾವಿರ ಮಾತ್ರ ಇತ್ತು. ಬಂಡವಾಳ ಸಮೃದ್ಧ ದೇಶ ಶ್ರಮಸಾಂದ್ರ ಸರಕು ಕಳಿಸುತ್ತಿತ್ತು! ಈ ವಿರೋಧಾಭಾಸಕ್ಕೆ ಬಂದ ಉತ್ತರಗಳಲ್ಲಿ ಮುಖ್ಯವಾದದ್ದು, ಅದು ಕುಶಲ ಶ್ರಮ ಎಂಬುದು. ಬೆಂಗಳೂರಿನ ಸಾಫ್ಟ್‌ವೇರ್ ರಫ್ತನ್ನೂ ಹರಿಹರದ ಫಿಟ್ಟರ್‌ನನ್ನೂ ಅರ್ಥ ಮಾಡಿಕೊಳ್ಳಲು ಕುಶಲ ಮತ್ತು ಅಕುಶಲ ಶ್ರಮವನ್ನು ಬೇರೆ ಬೇರೆ ಅಂಗಗಳಾಗಿ ಎಣಿಸಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ

ಮುಚ್ಚಿದ ಪ್ರತಿ ಕಾರ್ಖಾನೆಯನ್ನೂ ಈ ಪಾಠದ ಉದಾಹರಣೆ ಮಾಡಬೇಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳನ್ನು ಕೆಲವರು ಇಲ್ಲಿ ತರುತ್ತಾರೆ. ಅವು ಸೊರಗತೊಡಗಿದ ಕಾಲಕ್ಕೆ ಹೊರದೇಶದ ಬಟ್ಟೆಗೆ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಬಳಕೆಯ ವಸ್ತುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳು ಕೊನೆಗೂ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಆ ಗಿರಣಿಗಳಿಗೆ ಪೈಪೋಟಿ ಕೊಟ್ಟದ್ದು ದೇಶದೊಳಗಿನ ವಿದ್ಯುತ್ ಮಗ್ಗಗಳು. ಜೊತೆಗೆ ಹಳೆಯ ಯಂತ್ರಗಳ ಹೊರೆ ಇತ್ತು. ಯಾವುದೇ ಉದಾಹರಣೆ ಆರಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಆ ಸರಕಿನ ಆಮದು ತೆರೆದದ್ದು ಯಾವಾಗ? ನಷ್ಟ ಶುರುವಾದದ್ದು ಅದಕ್ಕೆ ಮೊದಲೋ, ನಂತರವೋ?

ಮೌಲ್ಯಮಾಪನ

1. ಅಂಗಿಯ ಬೆಲೆ 1,800 ಇದ್ದು, ಲೇತ್ ಭಾಗದ ಬೆಲೆ 2,400ರಿಂದ 2,200ಕ್ಕೆ ಇಳಿದರೆ ಕೂಲಿ ಮತ್ತು ಬಾಡಿಗೆ ಎಷ್ಟಾಗುತ್ತವೆ? (ಉತ್ತರ: ಕೂಲಿ 320, ಬಾಡಿಗೆ 520. ಬಾಡಿಗೆಯ ಇಳಿಕೆ ಲೇತ್ ಬೆಲೆಯ ಇಳಿಕೆಗಿಂತ ಹೆಚ್ಚಿನದು ಎಂದು ವಿದ್ಯಾರ್ಥಿ ಗುರುತಿಸಬೇಕು.)

2. ಅಗ್ಗದ ಲೇತ್ ಆಮದಾದಾಗ, ಲೇತ್ ಇಟ್ಟುಕೊಂಡು ಬಿಡಿಭಾಗ ಕಡೆಯುವ ಸಣ್ಣ ವರ್ಕ್‌ಶಾಪಿನವರಿಗೆ ಏನಾಗುತ್ತದೆ? (ಅವರಿಗೆ ಲೇತ್ ಒಂದು ವೆಚ್ಚ, ಹೊಸದಾಗಿ ಕೊಳ್ಳುವವರಿಗೆ ಲಾಭ. ಒಂದೇ ಊರಿನಲ್ಲಿ ಲೇತ್ ಮಾಡುವವರಿಗೂ ಬಳಸುವವರಿಗೂ ಹಿತ ಬೇರೆ ಬೇರೆ.)

3. "ಅಮೆರಿಕದ ಉಡುಪು ಕಾರ್ಮಿಕ ಮತ್ತು ಹರಿಹರದ ಲೇತ್ ಫಿಟ್ಟರ್, ಇಬ್ಬರದೂ ಒಂದೇ ಬಗೆಯ ನಷ್ಟವೇ?" ಐದು ವಾಕ್ಯಗಳಲ್ಲಿ ಬರೆಯಿರಿ. (ಅಮೆರಿಕದವನಿಗೆ ವಿರಳ ಅಂಗವಾಗಿ ದೀರ್ಘಕಾಲದಲ್ಲೂ ನಷ್ಟ ಉಳಿಯಬಹುದು, ಫಿಟ್ಟರ್‌ನದು ಮುಖ್ಯವಾಗಿ ಉದ್ದಿಮೆಗೆ ಅಂಟಿಕೊಂಡ ಕೌಶಲದ ನಷ್ಟ. ಕಾರಣ ಕೊಟ್ಟು ಬೇರೆ ತೀರ್ಮಾನ ಬರೆದವರಿಗೂ ಅಂಕ ಕೊಡಬಹುದು.)

ಮನೆಗೆಲಸ: ನಿಮ್ಮ ಊರಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಮುಚ್ಚಿದ ಅಥವಾ ಹೊಸದಾಗಿ ತೆರೆದ ಒಂದು ಉದ್ದಿಮೆಯನ್ನು ಆರಿಸಿ. ಅಲ್ಲಿ ದುಡಿದವರೊಬ್ಬರನ್ನು ಮಾತಾಡಿಸಿ, ಆಮೇಲೆ ಅವರು ಯಾವ ಕೆಲಸಕ್ಕೆ ಹೋದರು, ಹಳೆಯ ಕಸುಬಿನ ಎಷ್ಟು ಪಾಲು ಹೊಸ ಕೆಲಸದಲ್ಲಿ ಉಪಯೋಗಕ್ಕೆ ಬಂತು ಎಂದು ಒಂದು ಪುಟ ಬರೆದು ತನ್ನಿ. ಹೆಸರು ಬರೆಯಬೇಕಿಲ್ಲ.